ಲೈಟ್ ಹಾಕಬ್ಯಾಡ, ಮೊದಲ ಹೊರಗ ನಡಿ

ತಮ್ಮಾ, ತಂಗೀ, ನಮ್ಮ ಹೊನವಾಡದಿಂದ ಕಲಿಯಲಿಕ್ಕೆ, ದುಡಿಯಲಿಕ್ಕೆ ವಿಜಯಪುರಕ್ಕೆ, ಪುಣೆಗೆ, ಬೆಂಗಳೂರಿಗೆ ಹೋಗಿ ರೂಮು ಮಾಡಿಕೊಂಡಿರುವ ಮಕ್ಕಳಿಗೆ ಒಂದು ರಾತ್ರಿಯ ಸಂಗತಿ ಹೇಳಬೇಕಾಗಿದೆ. ಇದು ನನ್ನ ಅತ್ತೆಯ ಕತೆ. ಮನೆಯ ಮಕ್ಕಳೆಲ್ಲ ಅವರನ್ನು ಆಯಿ ಎಂದೇ ಕರೆಯುತ್ತಿದ್ದರು, ಹಾಗಾಗಿ ನಾನೂ ಆಯಿ ಎಂದೇ ಹೇಳುತ್ತೇನೆ. ಆಯಿಗೆ ಓದು ಬರುತ್ತಿರಲಿಲ್ಲ. ನಾನು ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಕಲಿಸಿದವಳು. ಆ ರಾತ್ರಿ ತಪ್ಪು ತಿಳಿದವಳು ನಾನು, ಸರಿ ತಿಳಿದವರು ಆಯಿ.

ಏಳೆಂಟು ವರ್ಷದ ಹಿಂದಿನ ಮಾತು. ಮರುದಿನ ಎಳ್ಳಮವಾಸ್ಯೆ. ಹೊಲಕ್ಕೆ ಚರಗ ಚೆಲ್ಲಲು ಹೋಗಬೇಕೆಂದು ಮೈದುನ, ಅವನ ಹೆಂಡತಿ, ಅವರ ಎರಡು ಮಕ್ಕಳು, ಕೂಸನ್ನು ಕಟ್ಟಿಕೊಂಡು ನಾದಿನಿ, ಎಲ್ಲರೂ ಬಂದಿದ್ದರು. ನನ್ನ ಮಗ, ಮಗಳು, ನಮ್ಮ ಮನೆಯವರು, ಆಯಿ, ನಾನು ಸೇರಿ ಹನ್ನೊಂದು ಮಂದಿ. ದಿನವಿಡೀ ಒಲೆ ಆರಿರಲಿಲ್ಲ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಭಜ್ಜಿಯ ತಯಾರಿ. ರಾತ್ರಿ ಹತ್ತೂವರೆಗೆ ಒಲೆಯ ಗುಂಡಿ ತಿರುಗಿಸಿ ಆರಿಸಿದೆ. ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಲಿಲ್ಲ. ನಸುಕಿನಲ್ಲಿ ಮತ್ತೆ ಹಚ್ಚಬೇಕಲ್ಲ ಎಂದುಕೊಂಡೆ.

ನಮ್ಮದು ಹಳೆಯ ಮ್ಯಾಳಗಿ ಮನೆ. ಮೊಳಕ್ಕಿಂತ ದಪ್ಪದ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಅಡುಗೆಮನೆಯ ನೆತ್ತಿಗೆ ಒಂದು ಬೆಳಕಿಂಡಿ. ಪಡಸಾಲೆಗೂ ಅಡುಗೆಮನೆಗೂ ನಡುವೆ ಬಾಗಿಲ ಹಲಗೆಯಿಲ್ಲ, ಎತ್ತರದ ಹೊಸ್ತಿಲು ಮಾತ್ರ. ಚಳಿಯೆಂದು ಮುಂಬಾಗಿಲು, ಹಿತ್ತಲ ಬಾಗಿಲು, ಕಿಟಕಿ ಎಲ್ಲ ಹಾಕಿಕೊಂಡು ಮಲಗಿದೆವು. ಹುಡುಗರು ಮಂಚದ ಮೇಲೆ, ನಾವು ಹಾಸಿಗೆ ಹಾಸಿ ಸಾಲಾಗಿ. ಆಯಿ ಯಾವತ್ತಿನಂತೆ ಅಡುಗೆಮನೆ ಹೊಸ್ತಿಲ ಪಕ್ಕ, ನೆಲದ ಮೇಲೆ ಕೌದಿ ಹಾಸಿಕೊಂಡು.

ಎರಡು ಗಂಟೆ ಇರಬೇಕು. ಮೊಣಕಾಲು ನೋವಿಗೆ ಆಯಿಗೆ ಎಚ್ಚರವಾಗಿದೆ. ಮಗ್ಗುಲು ಬದಲಿಸಿದಾಗ ಕೊಳೆತ ಉಳ್ಳಾಗಡ್ಡಿಯಂಥ ವಾಸನೆ ಮೂಗಿಗೆ ಬಡಿದಿದೆ. ಎದ್ದು ಕುಳಿತರೆ ಕಡಿಮೆ, ಬಗ್ಗಿದರೆ ಹೆಚ್ಚು. ಹೊಸ್ತಿಲ ಆಚೆ ಮುಖ ಚಾಚಿದಾಗ ತಡೆಯಲಾರದಷ್ಟು. ಆಗ ಆಯಿಗೆ ನೆನಪಾದದ್ದು ಹಗೇವು.

ನಿಮ್ಮಲ್ಲಿ ಬಹಳ ಜನ ಹಗೇವು ನೋಡಿರಲಿಕ್ಕಿಲ್ಲ. ಮೊದಲು ಬಿಳಿಜೋಳವನ್ನು ಮನೆಯಂಗಳದ ನೆಲದೊಳಗೆ ಆಳವಾದ ಗುಂಡಿ ತೋಡಿ, ಸುತ್ತ ಹುಲ್ಲು ಹಾಸಿ ತುಂಬುತ್ತಿದ್ದರು, ಬಾಯಿಗೆ ಕಲ್ಲು ಮಣ್ಣು ಮುಚ್ಚುತ್ತಿದ್ದರು. ತಿಂಗಳುಗಟ್ಟಲೆ ಮುಚ್ಚಿದ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕೆಟ್ಟ ಗಾಳಿ ಹೋಗಲೆಂದು ಹಾಗೇ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಕೆಳಗೆ ಉಸಿರಾಡುವ ಗಾಳಿಯಿಲ್ಲ ಎಂದರ್ಥ, ಅವತ್ತು ಇಳಿಯುವುದು ಬೇಡ. ಗಾಳಿಯೂ ನೀರಿನಂತೆ ತಗ್ಗಿನಲ್ಲಿ ನಿಲ್ಲುತ್ತದೆ ಎಂಬುದನ್ನು ಆಯಿ ಹೀಗೆ ಕಣ್ಣಾರೆ ಕಂಡಿದ್ದರು. ನಾನು ಅದನ್ನು ಪುಸ್ತಕದಲ್ಲಿ ಓದಿದ್ದೆ, ಮಕ್ಕಳಿಗೆ ಕಲಿಸಿಯೂ ಇದ್ದೆ, ನನ್ನ ಅಡುಗೆಮನೆಗೆ ಮಾತ್ರ ಹಚ್ಚಿ ನೋಡಿರಲಿಲ್ಲ.

ಕಟ್ಟಿಗೆ ಒಲೆಯ ಹೊಗೆ ಬಿಸಿ, ಹಗುರ. ಅದು ಮೇಲೇರಿ ಬೆಳಕಿಂಡಿಯಿಂದ ಹೋಗುತ್ತದೆ. ನಮ್ಮ ಹಿರಿಯರು ಮನೆ ಕಟ್ಟಿದ್ದು ಆ ಹೊಗೆಯ ಲೆಕ್ಕದಲ್ಲಿ. ಸಿಲಿಂಡರಿನ ಗ್ಯಾಸು, ಅಂದರೆ ಪ್ರೊಪೇನ್ ಮತ್ತು ಬ್ಯೂಟೇನ್, ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಅದು ಇಳಿದು ನೆಲದ ಮೇಲೆ ಹರಡುತ್ತದೆ. ಬೆಳಕಿಂಡಿಯಿಂದ ಅದಕ್ಕೆ ದಾರಿಯಿಲ್ಲ. ಎತ್ತರದ ಹೊಸ್ತಿಲು ಅದಕ್ಕೆ ಒಡ್ಡಾಗುತ್ತದೆ. ಅಡುಗೆಮನೆ ಕೆರೆಯ ಹಾಗೆ ತುಂಬಿ, ಹೊಸ್ತಿಲು ದಾಟಿ ಪಡಸಾಲೆಗೆ ಬರತೊಡಗಿದಾಗ ಮೊದಲು ತಾಕಿದ್ದು ನೆಲದ ಮೇಲೆ ಮಲಗಿದ ಆಯಿಗೆ. ಮಂಚದ ಮೇಲಿದ್ದ ಹುಡುಗರಿಗೆ ಏನೂ ಗೊತ್ತಾಗಿರಲಿಲ್ಲ.

ಎಚ್ಚರವಿದ್ದದ್ದರಿಂದ ಆಯಿಗೆ ತಿಳಿಯಿತು ಎಂಬುದನ್ನೂ ಮರೆಯಬೇಡಿ. ಗಾಢ ನಿದ್ದೆಯಲ್ಲಿದ್ದವನನ್ನು ಸಪ್ಪಳ ಎಬ್ಬಿಸುತ್ತದೆ, ವಾಸನೆಯನ್ನು ನಂಬಲಾಗದು. ನನ್ನ ಮೂಗು ಆಯಿಯಿಂದ ಎರಡು ಮಾರು ದೂರದಲ್ಲಿತ್ತು, ನಾನು ಏಳಲಿಲ್ಲ.

ಆಯಿ ನನ್ನನ್ನು ಕೂಗಲಿಲ್ಲ. ತೆವಳಿಕೊಂಡು ಬಂದು ಭುಜ ಹಿಡಿದು ಅಲುಗಾಡಿಸಿ, ಕಿವಿಯಲ್ಲಿ ಹೇಳಿದರು: "ಏಳ ಯವ್ವಾ. ಗ್ಯಾಸ್ ನಾರಾಕತ್ತೈತಿ. ಲೈಟ್ ಹಾಕಬ್ಯಾಡ, ಮೊದಲ ಹೊರಗ ನಡಿ." ಕೂಗಿದ್ದರೆ ಹನ್ನೊಂದು ಮಂದಿಯಲ್ಲಿ ಯಾರೋ ಒಬ್ಬರು ಗಾಬರಿಯಾಗಿ ಎದ್ದು ಮೊದಲು ಸ್ವಿಚ್ಚಿಗೇ ಕೈಯಿಡುತ್ತಿದ್ದರು. ಕತ್ತಲಲ್ಲಿ ಎದ್ದವರ ಕೈ ತಾನಾಗಿ ಹೋಗುವುದು ಅಲ್ಲಿಗೇ. ಅಷ್ಟಾದರೂ ನನ್ನ ಮಗ ಎದ್ದವನೇ ಗೋಡೆಯ ಕಡೆ ಕೈ ಚಾಚಿದ. ಆಯಿ ಅವನ ಮುಂಗೈ ಹಿಡಿದು ನಿಲ್ಲಿಸಿದರು. ಮೊಬೈಲ್ ದೀಪ ಹಚ್ಚುತ್ತೇನೆಂದ. "ಅದನೂ ಬ್ಯಾಡ. ಕೂಸಿನ್ನ ಎತ್ತಿಕೋ, ನಡಿ" ಅಂದರು.

ಇಲ್ಲಿ ನಾನು ನಿಮಗೆ ಹೇಳಲೇಬೇಕಾದ ಮಾತಿದೆ. ಹಗೇವಿನ ಅನುಭವ ಆಯಿಗೆ ಅರ್ಧ ದಾರಿ ಮಾತ್ರ ತೋರಿಸಿತ್ತು. ಕೆಟ್ಟ ಗಾಳಿ ತಳದಲ್ಲಿರುತ್ತದೆ ಎಂಬುದು ಸರಿಹೋಯಿತು. ಅದನ್ನು ನೋಡಲು ದೀಪ ಇಳಿಬಿಡಬೇಕು ಎಂಬುದು ಇಲ್ಲಿ ಹನ್ನೊಂದು ಜೀವಕ್ಕೆ ಎರವಾಗುತ್ತಿತ್ತು. ಹಗೇವಿನ ಗಾಳಿ ದೀಪವನ್ನು ಆರಿಸುತ್ತದೆ, ಸಿಲಿಂಡರಿನ ಗಾಳಿ ದೀಪದಿಂದ ಹೊತ್ತಿಕೊಳ್ಳುತ್ತದೆ. ಮನೆಗೆ ಗ್ಯಾಸು ಬಂದ ದಿನ ಒಲೆ ಜೋಡಿಸಿಕೊಟ್ಟ ಹುಡುಗ, "ಅಮ್ಮಾರ, ವಾಸನಿ ಬಂತಂದ್ರ ಕಡ್ಡಿ ಕೊರೀಬ್ಯಾಡ್ರಿ, ಲೈಟ್ ಹಾಕಬ್ಯಾಡ್ರಿ, ಉರಿಯೂ ಲೈಟ್ ಆರಿಸಬ್ಯಾಡ್ರಿ" ಎಂದು ಹೇಳಿ ಹೋಗಿದ್ದ. ನಾವು ಸಹಿ ಹಾಕಿ ಮರೆತಿದ್ದೆವು. ಓದು ಬಾರದ ಆಯಿ ಕೇಳಿಸಿಕೊಂಡದ್ದನ್ನು ಹಾಗೇ ಇಟ್ಟುಕೊಂಡಿದ್ದರು. ಹಳೆಯ ತಿಳಿವಳಿಕೆಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಹೊಸದು ಬಂದಾಗ ಯಾವುದನ್ನು ಬಿಡಬೇಕು ಎಂಬುದು ಅವರಿಗೆ ಆ ಕತ್ತಲಲ್ಲೂ ತಿಳಿದಿತ್ತು.

ಸ್ವಿಚ್ಚಿಗೇಕೆ ಅಷ್ಟು ಹೆದರಬೇಕು ಅಂತೀರಿ. ಸ್ವಿಚ್ ಹಾಕಿದಾಗಲೂ ತೆಗೆದಾಗಲೂ ಒಳಗೆ ಎರಡು ತಗಡು ಕೂಡಿ ಬಿಡುವ ಕ್ಷಣದಲ್ಲಿ ಸಣ್ಣ ಕಿಡಿ ಹಾರುತ್ತದೆ. ಗ್ಯಾಸು ಹೊತ್ತಿಕೊಳ್ಳಲು ಅಷ್ಟೇ ಸಾಕು. ಗ್ಯಾಸಾದರೂ ಎಷ್ಟು ಬೇಕು? ನೂರು ಪಾಲು ಗಾಳಿಯಲ್ಲಿ ಸುಮಾರು ಎರಡು ಪಾಲು ಬೆರೆತರೆ ಹೊತ್ತಿಕೊಳ್ಳುತ್ತದೆ. ನಮ್ಮ ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲ. ನೆಲದಿಂದ ಎರಡಡಿ ಎತ್ತರದ ತನಕ ಆ ಪ್ರಮಾಣ ತುಂಬಲು ಎಷ್ಟು ಬೇಕೆಂದು ಆಮೇಲೆ ಲೆಕ್ಕ ಹಾಕಿದೆ. ಸುಮಾರು 200 ಗ್ರಾಂ. ಸಿಲಿಂಡರಿನಲ್ಲಿ ಇರುವುದು 14.2 ಕಿಲೋ. ಒಂದು ಲೋಟ ಎಣ್ಣೆಯಷ್ಟು ತೂಕದ ಗ್ಯಾಸು ಸೋರಿದರೂ ಮನೆ ಉಳಿಯುವುದಿಲ್ಲ. ನಸುಕಿನ ನಾಲ್ಕಕ್ಕೆ ಎದ್ದು ಅಡುಗೆಮನೆಯ ಲೈಟು ಹಾಕುವವಳು ನಾನೇ ಇದ್ದೆ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ಮುಂದೆ ಆದದ್ದನ್ನು ಅನುಕ್ರಮವಾಗಿ ಹೇಳುತ್ತೇನೆ, ಯಾಕೆಂದರೆ ಅನುಕ್ರಮವೇ ಮುಖ್ಯ. ಆಯಿ ಮೊದಲು ಮುಂಬಾಗಿಲ ಅಗಳಿ ತೆಗೆಸಿದರು. ದೊಡ್ಡವರು ಒಬ್ಬೊಬ್ಬರಿಗೆ ಒಂದೊಂದು ಮಗು. ಹಾಸಿಗೆ, ಚಪ್ಪಲಿ, ಒಡವೆ ಯಾವುದನ್ನೂ ಹುಡುಕಗೊಡಲಿಲ್ಲ. ಕಟ್ಟೆ ದಾಟಿ, ಅಂಗಳ ದಾಟಿ, ಬೀದಿಯ ಎತ್ತರದ ಕಡೆ ಬೇವಿನ ಗಿಡದ ಹತ್ತಿರ ನಿಲ್ಲಿಸಿದರು. ಬಚ್ಚಲ ನೀರು ಹರಿಯುವ ತಗ್ಗಿನ ಕಡೆ ಯಾರನ್ನೂ ಬಿಡಲಿಲ್ಲ, ಏಕೆಂದರೆ ಮೋರಿಯ ಕಿಂಡಿಯಿಂದ ಗ್ಯಾಸೂ ಆ ಕಡೆಗೇ ಇಳಿಯುತ್ತದೆ. ಅಲ್ಲಿ ನಿಂತು ತಲೆ ಎಣಿಸಿದರು. ಹನ್ನೊಂದು ಆಯಿತು.

ರೆಗ್ಯುಲೇಟರ್ ಬಂದ್ ಮಾಡಿದ್ದು ನಾನು, ಎಲ್ಲರೂ ಹೊರಗೆ ಹೋದ ಮೇಲೆ. ಬಾಗಿಲಲ್ಲಿ ನಿಂತು ಕಿವಿಗೊಟ್ಟೆ. ಬುಸ್ ಎನ್ನುವ ಸಪ್ಪಳವಿರಲಿಲ್ಲ, ಹೊರಗಿನ ಗಾಳಿ ಒಳಗೆ ಬರುತ್ತಿತ್ತು. ಹೊರಗೆ ಒಂದು ಉದ್ದ ಉಸಿರು ಎಳೆದು ಹಿಡಿದುಕೊಂಡು ಹೋಗಿ, ಕೈ ತಡವಿ ಗುಂಡಿ ತಿರುಗಿಸಿ, ಹಿತ್ತಲ ಬಾಗಿಲ ಚಿಲಕ ತೆಗೆದು ಆ ಕಡೆಯಿಂದಲೇ ಹೊರಬಿದ್ದೆ. ಸಪ್ಪಳ ಕೇಳಿದ್ದರೆ ಹೋಗುತ್ತಿರಲಿಲ್ಲ, ಹೋಗಲೂ ಬಾರದು. ಸಪ್ಪಳ ಬರುವಷ್ಟು ಸೋರಿಕೆಯಿದ್ದರೆ ಒಂದು ಗುಂಡಿಗಾಗಿ ಒಂದು ಜೀವ ಒಳಗೆ ಕಳಿಸಬೇಡಿ. ನಾನು ಹೋದದ್ದೂ ಅಪಾಯದ ಕೆಲಸವೇ, ಇದನ್ನು ಧೈರ್ಯವೆಂದು ಮೆಚ್ಚಿ ಯಾರೂ ಅನುಕರಿಸಬಾರದು.

ಅಷ್ಟರಲ್ಲಿ ಫ್ರಿಜ್ಜಿನ ನೆನಪಾಯಿತು. ಯಾರೂ ಮುಟ್ಟದಿದ್ದರೂ ಅದು ಗಳಿಗೆಗೊಮ್ಮೆ ಟಕ್ ಎಂದು ತಾನೇ ಚಾಲೂ ಆಗುತ್ತದೆ, ಆ ಟಕ್‌ನಲ್ಲೂ ಕಿಡಿಯಿದೆ. ನಮ್ಮ ಪುಣ್ಯಕ್ಕೆ ಮೀಟರಿನ ಬೋರ್ಡು ಹೊರಗಿನ ಗೋಡೆಗಿತ್ತು. ನಮ್ಮ ಮನೆಯವರು ಅಲ್ಲಿ ಮೂಗಿಗೆ ವಾಸನೆ ತಾಕುವುದಿಲ್ಲವೆಂದು ನೋಡಿಕೊಂಡು ಮೇನ್ ಇಳಿಸಿದರು. ಬೋರ್ಡು ಒಳಗಿದ್ದಿದ್ದರೆ ಮುಟ್ಟುವಂತಿರಲಿಲ್ಲ. ಒಳಗಿನ ಮೇನ್ ಕೂಡ ಒಂದು ಸ್ವಿಚ್ಚೇ.

ಸಪ್ಪಳಕ್ಕೆ ಪಕ್ಕದ ಮನೆಯವರು ಎದ್ದು ಬಂದರು. ಒಬ್ಬರ ಬಾಯಲ್ಲಿ ಬೀಡಿ. ಇನ್ನೊಬ್ಬರು ಕೂಸಿಗೆ ಚಳಿಯೆಂದು ಕಸ ಕೂಡಿಸಿ ಬೆಂಕಿ ಕಾಯಿಸಲು ನೋಡಿದರು. ಆಯಿ ಇಬ್ಬರನ್ನೂ ತಡೆದರು. ಮಗ ಬೀದಿಯ ತುದಿಗೆ ಹೋಗಿ 1906ಕ್ಕೆ ಫೋನು ಮಾಡಿದ. ಗ್ಯಾಸು ಸೋರಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದಾದ ನಂಬರು ಅದು, ನಿಮ್ಮ ಸಿಲಿಂಡರು ಯಾವ ಕಂಪನಿಯದಾದರೂ ಇದೇ. ಬಾಗಿಲುಗಳನ್ನು ತೆರೆದಿಟ್ಟು ಬೆಳಗಾಗುವವರೆಗೆ ನಾವ್ಯಾರೂ ಒಳಗೆ ಕಾಲಿಡಲಿಲ್ಲ. ಬಾಗಿಲು ತೆರೆದ ಕೂಡಲೇ ಅಪಾಯ ಮುಗಿಯುವುದಿಲ್ಲ. ಹೊತ್ತಿಕೊಳ್ಳಲಾರದಷ್ಟು ದಟ್ಟವಾಗಿದ್ದ ಕಡೆ ಹೊಸ ಗಾಳಿ ಬೆರೆತಾಗ ಹೊತ್ತಿಕೊಳ್ಳುವ ಹದಕ್ಕೆ ಬರುತ್ತದೆ. ಅದೂ ದಾಟಿ ತಿಳಿಯಾಗುವ ತನಕ ಕಾಯಬೇಕು. ಫ್ಯಾನು ಹಾಕಿ ಬೇಗ ಓಡಿಸೋಣವೆಂದರೆ ಫ್ಯಾನಿಗೂ ಸ್ವಿಚ್ಚೇ ಬೇಕಲ್ಲ.

ಬೆಳಿಗ್ಗೆ ಮೆಕ್ಯಾನಿಕ್ ಬಂದ. ಒಂದು ಬಟ್ಟಲಲ್ಲಿ ಸಾಬೂನು ನೀರು ಕಲಸಿ, ಮೊದಲು ಸಿಲಿಂಡರಿನ ಬಾಯಿಗೆ, ಆಮೇಲೆ ಪೈಪಿನುದ್ದಕ್ಕೂ ಹಚ್ಚುತ್ತ ಬಂದ. ಪೈಪು ಒಲೆಗೆ ಕೂಡುವ ಕಡೆ ಗುಳ್ಳೆ ಎದ್ದವು. ದಿನವೂ ಒಲೆಯ ಬಿಸಿ ತಾಗಿ ರಬ್ಬರು ಗಟ್ಟಿಯಾಗಿ, ಬಗ್ಗಿದಲ್ಲಿ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಹಿಂದಿನ ದಿನ ಇಡೀ ದಿನ ಉರಿದ ಒಲೆ ಅದನ್ನು ಇನ್ನಷ್ಟು ಬಾಯಿ ಬಿಡಿಸಿತ್ತು. ಒಲೆಯ ಗುಂಡಿ ಬಂದ್ ಇದ್ದರೇನು, ಸೀಳು ಗುಂಡಿಗಿಂತ ಈಚೆಗಿತ್ತು. ರೆಗ್ಯುಲೇಟರ್ ಬಂದ್ ಮಾಡಿ ಮಲಗಿದ್ದರೆ ಪೈಪಿನೊಳಗೆ ಉಳಿದ ಚೂರು ಗ್ಯಾಸು ಬಿಟ್ಟು ಮತ್ತೇನೂ ಸೋರುತ್ತಿರಲಿಲ್ಲ.

ಈಗ ನನ್ನ ತಪ್ಪು ಹೇಳುತ್ತೇನೆ. ನಾಲ್ಕೈದು ದಿನದಿಂದ ಅಡುಗೆಮನೆಗೆ ಹೋದಾಗೊಮ್ಮೆ ನನಗೆ ಸಣ್ಣಗೆ ವಾಸನೆ ಬರುತ್ತಿತ್ತು. ಸಿಲಿಂಡರ್ ತೀರಲಿಕ್ಕೆ ಬಂದಿದೆ, ಅದಕ್ಕೇ ನಾರುತ್ತಿದೆ ಎಂದುಕೊಂಡೆ. ತೀರುವಾಗ ವಾಸನೆ ಹೆಚ್ಚುವುದು ಸುಳ್ಳಲ್ಲ. ವಾಸನೆಗೆಂದು ಬೆರೆಸಿದ ಮದ್ದು ಗ್ಯಾಸಿನಷ್ಟು ಬೇಗ ಆವಿಯಾಗುವುದಿಲ್ಲ, ತಳದಲ್ಲಿ ಉಳಿಯುತ್ತ ಹೋಗುತ್ತದೆ. ಆದರೆ ಒಲೆ ಆರಿದ್ದಾಗಲೂ ಮೂಗಿಗೆ ಬರುತ್ತಿದೆ ಎಂದರೆ ಸಿಲಿಂಡರು ತುಂಬಿರಲಿ, ತೀರಿರಲಿ, ಎಲ್ಲೋ ಹೊರಗೆ ಬರುತ್ತಿದೆ ಎಂದೇ ಅರ್ಥ. ಅದೂ ಅಲ್ಲದೆ ಅಲ್ಲೇ ನಿಂತು ರೊಟ್ಟಿ ಬಡಿಯುವಾಗ ಐದು ಹತ್ತು ನಿಮಿಷಕ್ಕೆ ವಾಸನೆ ಹೋದಂತಾಗುತ್ತಿತ್ತು. ಹೋದದ್ದು ವಾಸನೆಯಲ್ಲ, ಒಂದೇ ವಾಸನೆಗೆ ಮೂಗು ಸೋತು ಸುಮ್ಮನಾಗುತ್ತದೆ. ನಾನು ಮಾತ್ರ ನೆಮ್ಮದಿಯಾಗಿದ್ದೆ.

ಆ ವಾಸನೆ ಗ್ಯಾಸಿನ ಸ್ವಂತದ್ದಲ್ಲ ಎಂಬುದು ನಿಮಗೆ ತಿಳಿದಿರಲಿ. ಗ್ಯಾಸಿಗೆ ವಾಸನೆಯೇ ಇಲ್ಲ. ನಮಗೆ ಎಚ್ಚರವಾಗಲಿ ಎಂದೇ ಅದಕ್ಕೆ ಇಥೈಲ್ ಮರ್‌ಕ್ಯಾಪ್ಟನ್ ಎಂಬುದನ್ನು ಬೆರೆಸುತ್ತಾರೆ. ಹೊತ್ತಿಕೊಳ್ಳುವ ಮಟ್ಟಕ್ಕೆ ಬರುವ ಬಹಳ ಮೊದಲೇ, ಅದರ ಐದನೇ ಒಂದು ಪಾಲು ಇರುವಾಗಲೇ ಮೂಗಿಗೆ ಗೊತ್ತಾಗಲಿ ಎಂಬ ಲೆಕ್ಕದಲ್ಲಿ. ಹೀಗೆ ಬೆರೆಸುವುದು ಕಡ್ಡಾಯವಾದದ್ದರ ಹಿಂದೆ ಒಂದು ದೊಡ್ಡ ದುಃಖವಿದೆ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಊರಿನ ಶಾಲೆಯ ನೆಲದಡಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಸೋರಿ ತುಂಬಿತ್ತು. ಕೆಲಸದ ಕೋಣೆಯಲ್ಲಿ ಒಂದು ವಿದ್ಯುತ್ ಯಂತ್ರ ಚಾಲೂ ಮಾಡಿದ ಕಿಡಿಗೆ ಶಾಲೆ ಸಿಡಿದು, ಸುಮಾರು 300 ಮಕ್ಕಳು ಮತ್ತು ಶಿಕ್ಷಕರು ತೀರಿಕೊಂಡರು. ಆ ಮಕ್ಕಳಿಗೆ ಮೂಗಿತ್ತು, ಮೂಗಿಗೆ ಹೇಳುವವರಿರಲಿಲ್ಲ. ನಮಗೆ ಹೇಳುವ ವಾಸನೆಯಿದೆ. ಕೇಳಿಯೂ ಕೇಳದಂತಿದ್ದವಳು ನಾನು, ಒಬ್ಬ ಶಾಲಾ ಶಿಕ್ಷಕಿ.

ಹಾಗಾಗಿ ಮಕ್ಕಳೇ, ಮೊದಲ ಮಾತು ಇದು. ಗ್ಯಾಸಿನ ವಾಸನೆಗೆ ಕಾರಣ ಕಟ್ಟಬೇಡಿ. ಸಿಲಿಂಡರ್ ತೀರಿರಬೇಕು, ಪಕ್ಕದ ರೂಮಿನದಿರಬೇಕು, ಕಸದ ಬುಟ್ಟಿಯದಿರಬೇಕು ಎಂದು ಮನಸ್ಸು ನೂರು ನೆಪ ಕೊಡುತ್ತದೆ. ಸಾಬೂನು ನೀರಿನ ಬಟ್ಟಲು ಎರಡು ನಿಮಿಷದಲ್ಲಿ ಸತ್ಯ ಹೇಳುತ್ತದೆ. ಕಡ್ಡಿ ಕೊರೆದು ನೋಡುವವರನ್ನು ಕಂಡಿದ್ದೇನೆ, ಅದನ್ನು ಜೀವಮಾನದಲ್ಲಿ ಮಾಡಬೇಡಿ. ಗುಳ್ಳೆ ಕಂಡರೆ ರೆಗ್ಯುಲೇಟರ್ ಬಂದ್ ಮಾಡಿ, ಕಳಚಿ, ಸಿಲಿಂಡರಿಗೆ ದಾರದಲ್ಲಿ ತೂಗುವ ಮುಚ್ಚಳ ಹಾಕಿ ಹೊರಗಿಡಿ, ಮೆಕ್ಯಾನಿಕ್ ಕರೆಸಿ. ಟೇಪು ಸುತ್ತಿ ಎರಡು ದಿನ ತಳ್ಳಬೇಡಿ.

ಎರಡನೆಯದು, ರಾತ್ರಿ ಮಲಗುವ ಮೊದಲು ರೆಗ್ಯುಲೇಟರ್. ಒಲೆಯ ಗುಂಡಿ ಒಲೆಯನ್ನು ಮಾತ್ರ ಕಾಯುತ್ತದೆ, ಪೈಪನ್ನು ಕಾಯುವುದಿಲ್ಲ. ಪೈಪಿನ ಮೇಲೆ ತಯಾರಾದ ವರ್ಷ ಅಚ್ಚಾಗಿರುತ್ತದೆ, ಒಮ್ಮೆ ಬಗ್ಗಿ ಓದಿ. ಒಳಗೆ ತಂತಿ ಹೆಣೆದ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನೂ ಐದು ವರ್ಷಕ್ಕೆ ಬದಲಿಸಲೇಬೇಕು. ಬಗ್ಗಿಸಿದಾಗ ಬಿರುಕು ಕಂಡರೆ ವರ್ಷ ಎಣಿಸುತ್ತ ಕೂಡಬೇಡಿ.

ಮೂರನೆಯದು, ಮೂಗನ್ನು ಪೂರ್ತಿ ನಂಬಬೇಡಿ. ಆ ರಾತ್ರಿ ನಮ್ಮನ್ನು ಉಳಿಸಿದ ಆಯಿಯ ಮೂಗೇ ಕೊನೆಯ ದಿನಗಳಲ್ಲಿ ಒಗ್ಗರಣೆಯ ವಾಸನೆಯನ್ನೂ ಹಿಡಿಯಲಾರದೆ ಹೋಯಿತು. ವಯಸ್ಸಿಗೆ, ನೆಗಡಿಗೆ, ನಿದ್ದೆಗೆ ಮೂಗು ಸೋಲುತ್ತದೆ. ಊರಲ್ಲಿ ಅಜ್ಜ ಅಜ್ಜಿ ಇಬ್ಬರೇ ಇದ್ದರೆ, ನೀವು ಬಂದಾಗ ಅವರ ಪೈಪಿಗೆ ಸಾಬೂನು ನೀರು ಹಚ್ಚಿ ನೋಡಿ ಹೋಗಿ.

ಕೊನೆಯದಾಗಿ ಒಂದು ಕೆಲಸ ಹೇಳುತ್ತೇನೆ. ಆಯಿ ಅಷ್ಟೆಲ್ಲ ಮಾಡಿದ್ದು ಕಗ್ಗತ್ತಲಲ್ಲಿ. ಊರಿಗೆ ಕರೆಂಟು ಬರುವ ಮೊದಲು ಬಾಳಿದವರು ಅವರು. ಅಗಳಿ ಎಲ್ಲಿ, ಹೊಸ್ತಿಲು ಎಷ್ಟೆತ್ತರ, ಯಾವ ಮಗು ಎಲ್ಲಿ ಮಲಗಿದೆ ಎಂಬುದು ಅವರ ಕೈಕಾಲಿಗೆ ಗೊತ್ತಿತ್ತು. ನಮ್ಮ ಕೈಗೆ ಸ್ವಿಚ್ ಒಂದೇ ಗೊತ್ತು. ಇವತ್ತು ರಾತ್ರಿ ನಿಮ್ಮ ರೂಮಿನಲ್ಲಿ ಲೈಟು ಆರಿಸಿದ ಮೇಲೆ, ಹಾಸಿಗೆಯಿಂದ ಎದ್ದು ಕತ್ತಲಲ್ಲೇ ನಡೆದು ಹೋಗಿ ಬಾಗಿಲ ಚಿಲಕ ತೆಗೆಯಿರಿ. ಗೋಡೆ ಹಿಡಿದುಕೊಂಡು ಸಿಲಿಂಡರಿನ ತನಕ ಹೋಗಿ ರೆಗ್ಯುಲೇಟರಿನ ಗುಂಡಿ ಬಂದ್ ಇದೆಯೇ ಎಂದು ಕೈಯಿಂದಲೇ ನೋಡಿ. ದಾರಿಯಲ್ಲಿ ಬೂಟು, ಬಕೆಟ್ಟು, ಕುರ್ಚಿ ಕಾಲಿಗೆ ತಾಕಿದರೆ ಅವನ್ನು ಇವತ್ತೇ ಸರಿಸಿಡಿ. ನಾಲ್ಕು ದಿನ ಹಾಗೆ ನಡೆದರೆ ನಿಮ್ಮ ಕೈಗೂ ಆಯಿಯ ಕೈಗಿದ್ದ ತಿಳಿವಳಿಕೆ ಬರುತ್ತದೆ.